ಆ ಒಂದು ಸೆಮಿಸ್ಟರಿನ ಬಗ್ಗೆ ಎಷ್ಟು ಬರೆಯಬೇಕು?

ಅಮೆರಿಕದಲ್ಲಿ ಎಂ.ಎಸ್. ಮಾಡಲು ಹೊರಟ ನಮ್ಮ ಎಂಜಿನಿಯರಿಂಗ್ ಹುಡುಗ ಹುಡುಗಿಯರು ನವೆಂಬರ್, ಡಿಸೆಂಬರಿನಲ್ಲಿ ಹೆಚ್ಚಾಗಿ ಒಂದೇ ಕಡತದ ಮುಂದೆ ಕೂತಿರುತ್ತಾರೆ. ಅದಕ್ಕೆ ಎಸ್‌ಒಪಿ ಎಂದು ಹೆಸರು. ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದರೆ ಏನು ಓದಬೇಕೆಂದಿದ್ದೇನೆ, ಯಾಕೆ, ಅದಕ್ಕೆ ಇಲ್ಲಿಯವರೆಗೆ ಏನು ತಯಾರಿ ಮಾಡಿಕೊಂಡಿದ್ದೇನೆ ಎಂದು ಹೇಳುವ ಒಂದೆರಡು ಪುಟದ ಬರಹ. ಎಂಟು ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಏಳು ಚೆನ್ನಾಗಿದ್ದು ಒಂದು ಮಾತ್ರ ನೆಲ ಕಚ್ಚಿದ್ದರೆ, ಈ ಬರಹ ಆ ಒಂದರ ಹತ್ತಿರ ಬಂದು ನಿಂತುಬಿಡುತ್ತದೆ. ಹೇಳಿದರೆ ಅಳುಬುರುಕತನ, ಹೇಳದಿದ್ದರೆ ಮುಚ್ಚಿಟ್ಟ ಹಾಗೆ. ಮನೆಯಲ್ಲಿ ಕೇಳಿದರೆ, 'ಮನೆ ವಿಷಯವನ್ನೆಲ್ಲ ಯಾಕೆ ಊರಿಗೆ ಸಾರುತ್ತೀಯ?' ಎನ್ನುತ್ತಾರೆ.

ಒಂದು ಉದಾಹರಣೆ ಹಿಡಿದೇ ನೋಡೋಣ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗಿಯೊಬ್ಬಳು ಎಂದಿಟ್ಟುಕೊಳ್ಳಿ. ಅವಳ ಎಸ್‌ಜಿಪಿಎ ಕ್ರಮವಾಗಿ 8.1, 8.3, 8.0, 5.6, 7.9, 8.4, 8.7, 9.0. ಕ್ರೆಡಿಟ್‌ಗಳು ಎಲ್ಲ ಸೆಮಿಸ್ಟರಿನಲ್ಲೂ ಸಮ ಎಂದುಕೊಂಡರೆ ಒಟ್ಟು ಸರಾಸರಿ 8.0. ನಾಲ್ಕನೆಯದನ್ನು ಪಕ್ಕಕ್ಕಿಟ್ಟು ಉಳಿದ ಏಳನ್ನು ಲೆಕ್ಕ ಹಾಕಿದರೆ 8.34. ರಾತ್ರಿ ನಿದ್ದೆ ಕೆಡಿಸಿದ ಆ ಸೆಮಿಸ್ಟರ್ ಕಿತ್ತುಕೊಂಡದ್ದು ಅರ್ಧ ಪಾಯಿಂಟಿಗಿಂತ ಕಡಿಮೆ! ಈ ಲೆಕ್ಕವನ್ನು ಬರೆಯುವುದಕ್ಕೆ ಮೊದಲೇ ಮಾಡಿಕೊಳ್ಳಬೇಕು. ಮುಕ್ಕಾಲು ಪುಟ ವಿವರಣೆ ಬೇಕೋ ನಾಲ್ಕು ಸಾಲು ಸಾಕೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. 8.1 ಇದ್ದದ್ದು 7.6ಕ್ಕೆ ಇಳಿದಿದ್ದರೆ ಬಾಯಿ ಬಿಡುವ ಅಗತ್ಯವೇ ಇಲ್ಲ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡಲು ಹೋದರೆ ಅನುಮಾನ ಹುಟ್ಟಿಸುವವರು ನಾವೇ.

ಇವಳ ವಿಷಯದಲ್ಲಿ ಮಾತ್ರ ಹೇಳಲೇಬೇಕಾದ ಕಾರಣವೊಂದಿದೆ. ಆ ಸೆಮಿಸ್ಟರಿನಲ್ಲಿ ಅವಳು 'ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್'ನಲ್ಲಿ ನಲವತ್ತರ ಅಂಚಿನಲ್ಲಿ ಪಾಸಾಗಿದ್ದಾಳೆ. ಈಗ ಅರ್ಜಿ ಹಾಕುತ್ತಿರುವುದು ಸಿಗ್ನಲ್ ಪ್ರೊಸೆಸಿಂಗ್‌ಗೇ. ಅರ್ಜಿಯನ್ನು ಓದುವವರು ಬಹುಮಟ್ಟಿಗೆ ಅದೇ ವಿಭಾಗದ ಪ್ರಾಧ್ಯಾಪಕರು. ಅವರ ಕಣ್ಣು 5.6ಕ್ಕಿಂತ ಮೊದಲು ಈ ವಿಷಯದ ಮೇಲೆ ಬೀಳುತ್ತದೆ. ಅವರಿಗೆ ಬೇಕಾದ ಉತ್ತರಗಳು ಎರಡೇ: ಇದು ಮತ್ತೆ ಆಗುತ್ತದೆಯೇ? ಮತ್ತು, ಈ ಹುಡುಗಿಗೆ ಈಗ ಆ ವಿಷಯ ಬರುತ್ತದೆಯೇ? ಪಾಪ ಎನ್ನಿಸುವುದಕ್ಕೆ ಅವರು ಓದುತ್ತಿಲ್ಲ. ನಾವು ಶಾಲೆಯಲ್ಲಿ ರಜಾ ಅರ್ಜಿ ಬರೆದು ಬೆಳೆದವರು. ಕಾರಣ ಗಟ್ಟಿಯಾಗಿದ್ದರೆ ಸಾಕು, ರಜೆ ಮಂಜೂರು. ಅದೇ ರೂಢಿಯಲ್ಲಿ ಎಸ್‌ಒಪಿ ಬರೆದಾಗ ಕಾರಣ ಉದ್ದವಾಗುತ್ತದೆ, ಉತ್ತರ ಉಳಿದುಬಿಡುತ್ತದೆ.

ಅವಳಿಗೆ ಏನಾಗಿತ್ತು? ತಂದೆಯ ಎರಡೂ ಕಿಡ್ನಿ ಕೈಕೊಟ್ಟವು. ಊರು ಹಾಸನದ ಕಡೆ. ಡಯಾಲಿಸಿಸ್‌ಗೆಂದು ಅಪ್ಪ ಅಮ್ಮ ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದರು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಹೋಗಿ ಬರಬೇಕು. ಅವರಿಗೆ ಸಿಕ್ಕಿದ್ದು ಸಂಜೆಯ ಸರದಿ. ಕಾಲೇಜು ಮುಗಿಸಿ ಇವಳು ಆಸ್ಪತ್ರೆಗೆ ಹೋಗುತ್ತಿದ್ದಳು, ಕೋಣೆಗೆ ಮರಳುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಹಾಜರಾತಿ ಉಳಿಯಿತು, ಓದು ಉಳಿಯಲಿಲ್ಲ. ಅವಳ ಮೊದಲ ಕರಡು, ಕನ್ನಡದಲ್ಲಿ ಹೇಳುವುದಾದರೆ, ಹೀಗಿರುತ್ತದೆ:

'ದುರದೃಷ್ಟವಶಾತ್ ನಾಲ್ಕನೇ ಸೆಮಿಸ್ಟರಿನ ಅಂಕಗಳು ನನ್ನ ನಿಜವಾದ ಸಾಮರ್ಥ್ಯವನ್ನು ತೋರಿಸುವುದಿಲ್ಲ. ನನ್ನ ಪ್ರೀತಿಯ ತಂದೆ ಮಾರಣಾಂತಿಕ ಕಾಯಿಲೆಗೆ ತುತ್ತಾದಾಗ ಒಬ್ಬಳೇ ಮಗಳಾದ ನಾನು ಹಗಲಿರುಳೂ ಆಸ್ಪತ್ರೆಯಲ್ಲಿ ಕಳೆಯಬೇಕಾಯಿತು. ಜೊತೆಗೆ ಆ ಸಲ ಪ್ರಶ್ನೆಪತ್ರಿಕೆಯೂ ಬಹಳ ಕಠಿಣವಾಗಿತ್ತು, ತರಗತಿಯ ಅನೇಕರಿಗೆ ಕಡಿಮೆ ಅಂಕ ಬಂದಿತ್ತು. ಆದರೂ ಎದೆಗುಂದದೆ ಈ ಅನುಭವದಿಂದ ಜೀವನದ ಅಮೂಲ್ಯ ಪಾಠಗಳನ್ನು ಕಲಿತೆ.'

ಇದರಲ್ಲಿ ಸುಳ್ಳೇನೂ ಇಲ್ಲ, ಒಂದು 'ಹಗಲಿರುಳೂ' ಬಿಟ್ಟರೆ. ಆದರೂ ಒಪ್ಪಿಗೆಯಾಗುವುದಿಲ್ಲ. ಪ್ರಶ್ನೆಪತ್ರಿಕೆಯ ವಾಕ್ಯವನ್ನೇ ನೋಡಿ. ತಂದೆಯ ಕಾಯಿಲೆ ಒಂದೇ ಇದ್ದಿದ್ದರೆ ನಂಬಿಕೆ ಬರುತ್ತಿತ್ತು. ಪಕ್ಕದಲ್ಲಿ ಎರಡನೇ ಕಾರಣ ಬಂದು ಕೂತ ಕೂಡಲೇ ಮೊದಲನೆಯದರ ತೂಕವೂ ಇಳಿಯುತ್ತದೆ. ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳುತ್ತಿದ್ದಾಳೆ ಅನ್ನಿಸುತ್ತದೆ. ಅದಿರಲಿ, ಪತ್ರಿಕೆ ಕಠಿಣ, ವ್ಯಾಲ್ಯುಯೇಷನ್ ಸರಿಯಿಲ್ಲ, ಮೇಷ್ಟ್ರು ಮಧ್ಯದಲ್ಲಿ ಬದಲಾದರು ಎಂಬ ಮಾತುಗಳು ನಿಜವೇ ಆಗಿದ್ದರೂ ಅರ್ಜಿ ಹಾಕಿದವರ ಬಾಯಲ್ಲಿ ಬರಬಾರದು. ನಾಳೆ ತಮ್ಮ ಪ್ರಯೋಗಾಲಯದ ಬಗ್ಗೆಯೂ ಇವಳು ಹೀಗೇ ಹೇಳಿಯಾಳು ಎಂದು ಆ ಪ್ರಾಧ್ಯಾಪಕರಿಗೆ ಅನ್ನಿಸದೆ ಇರುತ್ತದೆಯೇ?

ಮೊದಲ ವಾಕ್ಯದ 'ನಿಜವಾದ ಸಾಮರ್ಥ್ಯ'ವೂ ಹಾಗೆಯೇ. ಅಂಕಪಟ್ಟಿಯನ್ನು ನಂಬಬೇಡಿ, ನನ್ನ ಮಾತನ್ನು ನಂಬಿ ಎಂದ ಹಾಗಾಯಿತು. ಹಾಗೆಂದಮೇಲೆ ಉಳಿದ ಏಳು ಸೆಮಿಸ್ಟರನ್ನು ಮಾತ್ರ ಅವರು ಯಾಕೆ ನಂಬಬೇಕು? ಕೊನೆಯ 'ಅಮೂಲ್ಯ ಪಾಠ'ವಂತೂ ಖಾಲಿ ಪಾತ್ರೆ. ಯಾವ ಪಾಠ, ಅದರಿಂದ ಐದನೇ ಸೆಮಿಸ್ಟರಿನಲ್ಲಿ ಏನು ಬದಲಾಯಿತು ಎಂಬುದು ಎಲ್ಲೂ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ, ಇದು ಬರೆಯುವವರ ಗಮನಕ್ಕೇ ಬರುವುದಿಲ್ಲ. ಡಯಾಲಿಸಿಸ್ ಒಂದು ಸೆಮಿಸ್ಟರಿಗೆ ಮುಗಿಯುವಂಥದ್ದಲ್ಲ. ಬೇರೆ ಕಿಡ್ನಿ ಹಾಕುವವರೆಗೆ, ಇಲ್ಲವೇ ಬದುಕಿರುವವರೆಗೆ ನಡೆಯುತ್ತದೆ. ಹಾಗಾದರೆ ತಂದೆಯ ಕಾಯಿಲೆ ಹಾಗೆಯೇ ಇದ್ದು ಮಗಳ ಅಂಕ ಮಾತ್ರ 7.9ಕ್ಕೆ ಏರಿದ್ದು ಹೇಗೆ? ಕಾಯಿಲೆಯ ಬಗ್ಗೆ ತಿಳಿದ ಯಾರಾದರೂ ಕೇಳುವ ಪ್ರಶ್ನೆ ಇದು. ಕಾರಣ ಹೇಳಿದರೆ ಸಾಲದು, ಆ ಕಾರಣಕ್ಕೆ ಏನು ವ್ಯವಸ್ಥೆಯಾಯಿತು ಎಂಬುದೂ ಬೇಕು. ಇವಳ ಮನೆಯಲ್ಲಿ ವ್ಯವಸ್ಥೆಯಾಗಿತ್ತು. ಹಾಸನದ ಸರ್ಕಾರಿ ಆಸ್ಪತ್ರೆಯಲ್ಲೇ ಸರದಿ ಸಿಕ್ಕಿತು, ಅಪ್ಪ ಅಮ್ಮ ಊರಿಗೆ ಮರಳಿದರು, ಜೊತೆಗಿರಲು ಚಿಕ್ಕಪ್ಪ ಇದ್ದರು. ಅವಳಿಗೆ ಇದು ಬರೆಯುವಂಥ ಸಂಗತಿ ಎನ್ನಿಸಲೇ ಇಲ್ಲ. ಇಡೀ ವಿವರಣೆಯ ಕೀಲು ಇರುವುದೇ ಅಲ್ಲಿ.

ತಿದ್ದಿದ ಮೇಲೆ ಹೀಗಾಗುತ್ತದೆ:

'ನಾಲ್ಕನೇ ಸೆಮಿಸ್ಟರಿನಲ್ಲಿ ನನ್ನ ಎಸ್‌ಜಿಪಿಎ 5.6ಕ್ಕೆ ಇಳಿಯಿತು, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್‌ನಲ್ಲಿ ಹೇಗೋ ಪಾಸಾದೆ. ತಂದೆಗೆ ಆಗಷ್ಟೇ ಡಯಾಲಿಸಿಸ್ ಶುರುವಾಗಿತ್ತು, ವಾರಕ್ಕೆ ಮೂರು ಸಂಜೆ ಅವರ ಜೊತೆ ಆಸ್ಪತ್ರೆಯಲ್ಲಿರುತ್ತಿದ್ದೆ. ಅಧ್ಯಾಪಕರಿಗೆ ತಿಳಿಸಿ ನೆರವು ಕೇಳಬಹುದಿತ್ತು, ಕೇಳಲಿಲ್ಲ. ಐದನೇ ಸೆಮಿಸ್ಟರಿನ ಹೊತ್ತಿಗೆ ಚಿಕಿತ್ಸೆ ನಮ್ಮ ಊರಿನ ಹತ್ತಿರಕ್ಕೆ ವರ್ಗವಾಯಿತು, ಈಗ ಆ ಹೊಣೆ ಚಿಕ್ಕಪ್ಪನದು. ರಜೆಯಲ್ಲಿ ಆ ವಿಷಯವನ್ನು ಮೊದಲ ಅಧ್ಯಾಯದಿಂದ ಮತ್ತೆ ಓದಿದೆ. ಅದನ್ನೇ ಬುನಾದಿಯಾಗಿಟ್ಟುಕೊಂಡ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ 91 ಅಂಕ ತೆಗೆದೆ. ಕೊನೆಯ ವರ್ಷ ಇಸಿಜಿ ಸಿಗ್ನಲಿನಿಂದ 50 ಹರ್ಟ್ಸ್ ವಿದ್ಯುತ್ ಗದ್ದಲವನ್ನು ಸೋಸುವ ಫಿಲ್ಟರ್ ಕಟ್ಟಿದೆ.'

ಕಾಯಿಲೆಗೆ ಇಲ್ಲಿ ಸಿಕ್ಕಿದ್ದು ಒಂದೇ ವಾಕ್ಯ. 'ಪ್ರೀತಿಯ', 'ಮಾರಣಾಂತಿಕ' ಎಂಬ ವಿಶೇಷಣಗಳು ಹೋದವು. ಡಯಾಲಿಸಿಸ್ ಎಂದರೆ ಏನೆಂದು ಓದುವವರಿಗೆ ಗೊತ್ತು, ಕಣ್ಣೀರನ್ನು ನಾವು ಸೇರಿಸಬೇಕಿಲ್ಲ. 'ಕೇಳಬಹುದಿತ್ತು, ಕೇಳಲಿಲ್ಲ' ಎಂಬ ಪುಟ್ಟ ವಾಕ್ಯ ಮಾಡುವ ಕೆಲಸ ದೊಡ್ಡದು. ಪರಿಸ್ಥಿತಿ ಅವಳ ಕೈಮೀರಿದ್ದರೂ ಅದರೊಳಗೆ ತನ್ನ ಕೈಯಲ್ಲಿದ್ದುದು ಏನೆಂದು ಅವಳು ಗುರುತಿಸಿದ್ದಾಳೆ. ಇಂಥದ್ದು ಒಂದು ಸಾಕು. ಎರಡು ಮೂರು ಬಂದರೆ ತನ್ನನ್ನು ತಾನೇ ಹಳಿದುಕೊಂಡಂತಾಗಿ, ಓದುವವರಿಗೇ ಮುಜುಗರ. ಕೊನೆಯ ಎರಡು ವಾಕ್ಯಗಳನ್ನು ಅಂಕಪಟ್ಟಿಯಲ್ಲೂ ಪ್ರಾಜೆಕ್ಟ್ ವರದಿಯಲ್ಲೂ ತಾಳೆ ನೋಡಬಹುದು. ಮಾತು ಹೇಗಿದ್ದರೂ ನಂಬಿಕೆ ಹುಟ್ಟುವುದು ಅಲ್ಲಿ. ಅಷ್ಟೇ ಅಲ್ಲ, ಫಿಲ್ಟರಿನ ಮಾತು ಬಂದದ್ದೇ ಬರಹ ಮತ್ತೆ ತನ್ನ ದಾರಿಗೆ ಬಂದಿದೆ. ಮುಂದಿನ ಪ್ಯಾರಾ ಸೀದಾ ಆ ಪ್ರಾಜೆಕ್ಟಿನಿಂದಲೇ ಶುರುವಾಗಬಹುದು.

ಇದನ್ನು ಎಲ್ಲಿಡಬೇಕು? ಎಸ್‌ಒಪಿಯ ಮೊದಲ ಪ್ಯಾರಾದಲ್ಲಿ ಖಂಡಿತ ಬೇಡ. ಪರಿಚಯವೇ ಆಗದವರ ಮುಂದೆ ಹೋಗಿ ಕ್ಷಮೆ ಕೇಳಿದಂತಿರುತ್ತದೆ. ಕೊನೆಯಲ್ಲೂ ಬೇಡ, ಓದಿ ಮುಗಿಸಿದವರ ತಲೆಯಲ್ಲಿ ಅದೊಂದೇ ಉಳಿಯುತ್ತದೆ. ಅನೇಕ ವಿಶ್ವವಿದ್ಯಾಲಯಗಳ ಆನ್‌ಲೈನ್ ಅರ್ಜಿಯಲ್ಲಿ ಶೈಕ್ಷಣಿಕ ದಾಖಲೆಯ ಬಗ್ಗೆ ಹೇಳುವುದಿದ್ದರೆ ಹೇಳಿ ಎಂಬ ಬೇರೆಯ ಜಾಗ ಇರುತ್ತದೆ. ಅದು ಇದ್ದರೆ ಇಡೀ ಪ್ಯಾರಾ ಅಲ್ಲಿಗೆ ಹೋಗಲಿ, ಎಸ್‌ಒಪಿ ಹಗುರವಾಗಲಿ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಎಸ್‌ಒಪಿಯ ಜೊತೆಗೆ ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಎಂಬ ಇನ್ನೊಂದು ಬರಹವನ್ನೂ ಕೇಳುತ್ತಾರೆ. ಮನೆಯ ಪರಿಸ್ಥಿತಿಗೆ ಸರಿಯಾದ ಜಾಗ ಅದು. ಇವೆರಡೂ ಇಲ್ಲದಿದ್ದಾಗ ಮಾತ್ರ ಎಸ್‌ಒಪಿಯ ನಡುವೆ, ಓದಿನ ಬಗ್ಗೆ ಹೇಳುವ ಕಡೆ ಬರಲಿ. ಅದೂ ಮೇಲಿನದನ್ನು ಇನ್ನಷ್ಟು ಕತ್ತರಿಸಿ.

ಇಷ್ಟಾದರೂ ಇವಳದು ಸುಲಭದ ಪ್ರಕರಣವೇ. ಕಾರಣ ಗೌರವದ್ದು. ಏನೂ ಆಗದೆ ಅಂಕ ಬಿದ್ದವರ ಗತಿ? ಹಾಸ್ಟೆಲಿಗೆ ಸೇರಿದ ಹೊಸತು, ಕ್ರಿಕೆಟ್, ಮೊಬೈಲು, ಅಥವಾ ಕಾಲೇಜಿನ ರೇಸ್ ಕಾರ್ ತಂಡಕ್ಕೆ ಸೇರಿ ವರ್ಕ್‌ಶಾಪಿನಲ್ಲೇ ರಾತ್ರಿ ಕಳೆದದ್ದು. ಇಂಥವರು ಮನೆಯ ಯಾರನ್ನೋ ಹಾಸಿಗೆ ಹಿಡಿಸಿಬಿಡುವುದುಂಟು. ಅದು ಮಾಡಬಾರದ ಕೆಲಸ, ಜಾಣತನವೂ ಅಲ್ಲ. 'ಮೂರನೇ ಸೆಮಿಸ್ಟರಿನಲ್ಲಿ ತಂಡದ ಕಾರಿಗೆ ಸಮಯವನ್ನೆಲ್ಲ ಸುರಿದು ಓದನ್ನು ಪರೀಕ್ಷೆಯ ವಾರಕ್ಕೆ ತಳ್ಳಿದೆ. ನಾಲ್ಕರಿಂದ ತಂಡದ ಕೆಲಸ ವಾರಾಂತ್ಯಕ್ಕೆ ಮಾತ್ರ' ಎಂದು ಬರೆದು, ನಂತರದ ಅಂಕಗಳನ್ನು ಮುಂದಿಟ್ಟರೆ ಸಾಕು. ನನ್ನ ಮಟ್ಟಿಗೆ ಇದು ಆಸ್ಪತ್ರೆಯ ಕಥೆಗಿಂತ ಬೇಗ ನಂಬಿಕೆ ಹುಟ್ಟಿಸುತ್ತದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಒಗ್ಗಿಕೊಳ್ಳುವಷ್ಟರಲ್ಲಿ ಮೊದಲ ಸೆಮಿಸ್ಟರ್ ಕೈತಪ್ಪಿದ್ದರೆ ಅದಕ್ಕೂ ಒಂದೇ ವಾಕ್ಯ ಸಾಕು, ಎರಡನೇ ಸೆಮಿಸ್ಟರಿನಿಂದ ಗ್ರಾಫ್ ಮೇಲೇರಿದ್ದರೆ. ಬ್ಯಾಕ್‌ಲಾಗ್ ಇದ್ದವರು ಯಾವ ವಿಷಯ, ಎಷ್ಟನೇ ಪ್ರಯತ್ನದಲ್ಲಿ ಪಾಸು ಎಂದು ತಾವೇ ಹೇಳಿಬಿಡುವುದು ಕ್ಷೇಮ.

ಮಾನಸಿಕ ಆರೋಗ್ಯದ ಕಾರಣವಿದ್ದವರು ಕಾಯಿಲೆಯ ಹೆಸರು ಹೇಳಲೇಬೇಕೆಂದಿಲ್ಲ. 'ಆರೋಗ್ಯದ ಸಮಸ್ಯೆಯಿತ್ತು, ಚಿಕಿತ್ಸೆ ಪಡೆದೆ, ಆರನೇ ಸೆಮಿಸ್ಟರಿನಿಂದ ಓದಿಗೆ ತೊಂದರೆಯಾಗಿಲ್ಲ' ಎಂದರೆ ಓದುವವರಿಗೆ ಬೇಕಾದ ಎಲ್ಲವೂ ಅದರಲ್ಲಿದೆ.

ಇನ್ನು ಶಿಫಾರಸು ಪತ್ರ. ಎಂ.ಎಸ್. ಅರ್ಜಿಗೆ ಸಾಮಾನ್ಯವಾಗಿ ಮೂವರದ್ದು ಬೇಕು. ತಾನು ಹೇಳಿದರೆ ದೂರು ಎನಿಸುವ ಸಂಗತಿಯನ್ನು ಮೇಷ್ಟ್ರು ಹೇಳಿದರೆ ಅದು ಸಾಕ್ಷಿ. ಆ ಸಲ ಇಡೀ ತರಗತಿಯ ಅಂಕ ಕಡಿಮೆಯಿತ್ತು ಎಂಬುದನ್ನು ಹೇಳುವ ಅಧಿಕಾರ ಅವರಿಗಿದೆ. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಕಲಿಸಿದವರು 'ಹಿಂದಿನ ಸೆಮಿಸ್ಟರಿನಲ್ಲಿ ಹಿಂದೆ ಬಿದ್ದಿದ್ದ ಈ ವಿದ್ಯಾರ್ಥಿನಿ ಮೊದಲ ವಾರವೇ ಹಳೆಯ ಲೆಕ್ಕಗಳನ್ನು ಹಿಡಿದು ನನ್ನ ಕೋಣೆಗೆ ಬಂದಳು' ಎಂದು ಬರೆದರೆ, ಅವಳ ಪ್ಯಾರಾದ ಅರ್ಧ ಕೆಲಸ ಮುಗಿಯಿತು. ಅದಕ್ಕಾಗಿ ಅವರ ಬಳಿ ಹೋಗುವಾಗ ತನ್ನ ಪ್ಯಾರಾದ ಒಂದು ಪ್ರತಿಯನ್ನೂ ಎಂಟು ಸೆಮಿಸ್ಟರಿನ ಅಂಕಪಟ್ಟಿಯನ್ನೂ ಒಯ್ಯಬೇಕು. ಅವಳು ನಾಲ್ಕನೇ ಸೆಮಿಸ್ಟರ್ ಎಂದು, ಅವರು ಮರೆತು ಮೂರನೆಯದೆಂದು ಬರೆದುಬಿಟ್ಟರೆ, ಅಷ್ಟು ದೂರದಲ್ಲಿ ಕೂತು ಓದುವವರಿಗೆ ಯಾರನ್ನು ನಂಬಬೇಕೆಂದು ಗೊತ್ತಾಗುವುದಿಲ್ಲ.