ಆಡಿಟ್ ಆಕ್ಷೇಪಕ್ಕೆ ಮ್ಯಾನೇಜ್‌ಮೆಂಟ್ ಉತ್ತರ: ಏನು ಬರೀಬೇಕು?

ಒಂದು ಕಂಪನಿ ಅಂದುಕೊಳ್ಳಿ. ಒಂದು ಲಕ್ಷದವರೆಗಿನ ಬಿಲ್ಲನ್ನು ಅಕೌಂಟ್ಸ್ ಮ್ಯಾನೇಜರ್ ಪಾಸ್ ಮಾಡಬಹುದು. ಮೇಲಿನದಕ್ಕೆ ಫೈನಾನ್ಸ್ ಹೆಡ್ ಒಪ್ಪಿಗೆ ಬೇಕು. ಆಡಿಟರ್ ಕಣ್ಣಿಗೆ ಬಿದ್ದದ್ದೇನು? ಒಂದೇ ವೆಂಡರ್, ಒಂದೇ ಪರ್ಚೇಸ್ ಆರ್ಡರ್, ಒಂದೇ ದಿನ, 95,000 ರೂಪಾಯಿಯ ಮೂರು ಬಿಲ್. ಒಟ್ಟು 2,85,000. ಮೂರಕ್ಕೂ ಮ್ಯಾನೇಜರ್ ಸಹಿ ಮಾತ್ರ.

ಇದಕ್ಕೆ ಮಾಮೂಲಿ ಉತ್ತರ: "ಗಮನಿಸಲಾಗಿದೆ, ಸಿಬ್ಬಂದಿಗೆ ಸೂಚಿಸಲಾಗಿದೆ." ನನ್ನ ಪ್ರಕಾರ ಇದು ಉತ್ತರವೇ ಅಲ್ಲ.

ಆಕ್ಷೇಪ ಒಪ್ತೀರಾ, ಇಲ್ವಾ? ಅದನ್ನ ಮೊದಲ ಸಾಲಲ್ಲೇ ಹೇಳಿ. ಆಮೇಲೆ ಕಾರಣ. ಮ್ಯಾನೇಜರ್ ತಲೆಗೆ ಕಟ್ಟೋದು ಸುಲಭ. ಆದರೆ ಇಲ್ಲಿ ಸಾಫ್ಟ್‌ವೇರ್ ಒಂದೊಂದು ಬಿಲ್ಲಿನ ಮೊತ್ತ ನೋಡುತ್ತೆ, ಆರ್ಡರಿನ ಒಟ್ಟು ನೋಡಲ್ಲ. ಹಾಗಾಗಿ ಸರಿಪಡಿಸಬೇಕಾದ್ದೂ ಅದನ್ನೇ: ಒಂದೇ ಆರ್ಡರಿನ ಬಿಲ್‌ಗಳು ಕೂಡಿ ಲಕ್ಷ ದಾಟಿದರೆ, ಫೈಲ್ ತಾನಾಗೇ ಫೈನಾನ್ಸ್ ಹೆಡ್‌ಗೆ ಹೋಗಬೇಕು.

ಯಾರು ಮಾಡ್ತಾರೆ? "ಅಕೌಂಟ್ಸ್ ವಿಭಾಗ" ಅನ್ನಬೇಡಿ, ಹುದ್ದೆ ಬರೀರಿ. ಯಾವಾಗ? "ಶೀಘ್ರದಲ್ಲೇ" ಬೇಡ, ತಾರೀಖು ಬರೀರಿ. ಸಾಫ್ಟ್‌ವೇರ್ ಬದಲಾಗೋವರೆಗೆ, ಹಣ ಹೋಗೋ ಮುಂಚೆ ವೆಂಡರ್‌ವಾರು ಪಟ್ಟಿಯನ್ನ ಫೈನಾನ್ಸ್ ಹೆಡ್ ನೋಡಲಿ.

ಬಹಳ ಜನ ಮರೆಯೋದು ಹಳೇ ಪಾವತಿಗಳನ್ನ. ಕಳೆದ 12 ತಿಂಗಳಲ್ಲಿ 90,000ದಿಂದ ಲಕ್ಷದೊಳಗಿನ ಬಿಲ್‌ಗಳನ್ನ ವೆಂಡರ್‌ವಾರು ವಿಂಗಡಿಸಿ. ಸರಕು ಬಂದ ರಸೀದಿ ಇದೆಯಾ ನೋಡಿ. ಇದ್ದರೆ ನಿಯಮ ತಪ್ಪಿದ್ದಷ್ಟೇ ಇರಬಹುದು. ಇಲ್ಲದಿದ್ದರೆ ವಂಚನೆಯ ಶಂಕೆ: ಅದು ಪತ್ರದಲ್ಲಿ ಮುಗಿಯಲ್ಲ, ತನಿಖೆ ಆಗಬೇಕು.