ಗೆರೆಗಳ ಅಂತರದಿಂದ ಬಂಧದ ಉದ್ದ

ಕಾರ್ಬನ್ ಮೊನಾಕ್ಸೈಡ್ ಅನಿಲದ ಅಣುವಿನಲ್ಲಿ ಒಂದು ಇಂಗಾಲ, ಒಂದು ಆಮ್ಲಜನಕ. ಇವೆರಡರ ನಡುವಿನ ದೂರವನ್ನು ಅಳೆಯಬೇಕಾದರೆ ಅಣು ಎಷ್ಟು ಸಲೀಸಾಗಿ ತಿರುಗುತ್ತದೆ ಎಂದು ನೋಡಿದರೆ ಸಾಕು.

ಅಣು ತನಗೆ ಬೇಕಾದ ವೇಗದಲ್ಲಿ ತಿರುಗಲಾರದು. ಅದಕ್ಕೆ ನಿಗದಿಯಾದ ಶಕ್ತಿಯ ಮಟ್ಟಗಳಿವೆ. ಒಂದು ಮಟ್ಟದಿಂದ ಮುಂದಿನದಕ್ಕೆ ಏರುವಾಗ ಅದು ನಿರ್ದಿಷ್ಟ ಆವರ್ತನದ ಅಲೆಯನ್ನು ಹೀರಿಕೊಳ್ಳುತ್ತದೆ, ರೋಹಿತದಲ್ಲಿ ಒಂದು ಗೆರೆ ಮೂಡುತ್ತದೆ. ಕಾರ್ಬನ್ ಮೊನಾಕ್ಸೈಡ್‌ನ ಮೊದಲ ಮೂರು ಗೆರೆಗಳು 115.271, 230.538 ಮತ್ತು 345.796 ಗಿಗಾಹರ್ಟ್ಸ್‌ನಲ್ಲಿವೆ. ಗೆರೆಗಳ ಅಂತರ ಹೆಚ್ಚುಕಡಿಮೆ ಒಂದೇ, ಸುಮಾರು 115.27. ಮೇಲೇರಿದಂತೆ ಅದು ಕೂದಲೆಳೆಯಷ್ಟು ಕಿರಿದಾಗುವುದಕ್ಕೆ ಕಾರಣವಿದೆ: ಜೋರಾಗಿ ತಿರುಗುವ ಅಣುವಿನ ಬಂಧ ತುಸು ಹಿಗ್ಗುತ್ತದೆ.

ಈ ಅಂತರದ ಅರ್ಧವನ್ನು B ಎನ್ನುತ್ತಾರೆ, ಅಂದರೆ 57.636 ಗಿಗಾಹರ್ಟ್ಸ್. ಇನ್ನು ಲೆಕ್ಕ ಸರಳ:

I = h / (8π²B)
I = μr²

I ಎಂದರೆ ತಿರುಗುವಿಕೆಗೆ ಅಣು ಒಡ್ಡುವ ಜಡತ್ವ, r ಎಂದರೆ ಬಂಧದ ಉದ್ದ. ಎರಡು ಪರಮಾಣುಗಳ ತೂಕಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ μ ಸಿಗುತ್ತದೆ. ಇಂಗಾಲ 12, ಆಮ್ಲಜನಕ 15.995 ಆದ್ದರಿಂದ μ 6.856. ಇದನ್ನು ಕಿಲೋಗ್ರಾಂಗೆ ಬದಲಿಸಿ ಲೆಕ್ಕ ಮುಗಿಸಿದರೆ r ಎಂಬುದು 1.1309 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯ ಒಂದು ಪಾಲು. ಸಾರಜನಕಕ್ಕೆ ಈ ವಿಧಾನ ನಡೆಯದು. ಅದರ ಎರಡೂ ತುದಿಗಳು ಒಂದೇ ಆಗಿರುವುದರಿಂದ ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಹಿಡಿದು ತಿರುಗಿಸಲು ಏನೂ ಸಿಗುವುದಿಲ್ಲ.

ಈಗ ಇಂಗಾಲ-12ರ ಜಾಗದಲ್ಲಿ ಇಂಗಾಲ-13 ಇರಿಸೋಣ. ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಹೆಚ್ಚಾಯಿತು ಅಷ್ಟೆ. ಬಂಧವನ್ನು ಹಿಡಿದಿಟ್ಟಿರುವ ಎಲೆಕ್ಟ್ರಾನುಗಳಿಗೆ ಅದರ ಪರಿವೆಯೇ ಇಲ್ಲ, ಹಾಗಾಗಿ ಉದ್ದ ಬದಲಾಗಬಾರದು. ಆದರೆ μ 7.172ಕ್ಕೆ ಏರುತ್ತದೆ, ಅಣು ಭಾರವಾಗುತ್ತದೆ, ಗೆರೆಗಳು ಹತ್ತಿರ ಸರಿಯುತ್ತವೆ. ತೂಕದ ಲೆಕ್ಕದಂತೆ ಮೊದಲ ಗೆರೆ 110.189 ಗಿಗಾಹರ್ಟ್ಸ್‌ನಲ್ಲಿರಬೇಕು. ಅಳೆದಾಗ ಸಿಗುವುದು 110.201. ಖಗೋಳ ವಿಜ್ಞಾನಿಗಳಿಗೆ ಈ ಎರಡು ಗೆರೆಗಳು ಬಹಳ ಬೇಕಾದವು. 1970ರಲ್ಲಿ ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಝಿಯಾಸ್ ಮಹಾವ್ಯಾಧ ನೀಹಾರಿಕೆಯಲ್ಲಿ 115 ಗಿಗಾಹರ್ಟ್ಸ್ ಗೆರೆಯನ್ನು ಕಂಡರು. ದಟ್ಟ ಮೋಡಗಳಲ್ಲಿ ಆ ಗೆರೆ ಹೊರಮೈಯನ್ನಷ್ಟೇ ತೋರಿಸುವಾಗ, ಅಪರೂಪದ ಇಂಗಾಲ-13ರ ಗೆರೆ ಒಳಗಿನಿಂದಲೂ ಹೊರಬರುತ್ತದೆ.

ನಿರೀಕ್ಷೆಗೂ ಅಳತೆಗೂ ಉಳಿದ 0.012 ಗಿಗಾಹರ್ಟ್ಸ್ ವ್ಯತ್ಯಾಸವೇ ನನಗೆ ಈ ಕಥೆಯ ಅತ್ಯಂತ ಸೊಗಸಾದ ಭಾಗ. ಅತಿ ತಣ್ಣಗಿದ್ದಾಗಲೂ ಬಂಧ ಕಂಪಿಸುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಕುಗ್ಗಿಸುವುದಕ್ಕಿಂತ ಹಿಗ್ಗಿಸುವುದು ಸುಲಭವಾದ್ದರಿಂದ ಕಂಪನ ಹೆಚ್ಚಿದಷ್ಟೂ ಸರಾಸರಿ ಉದ್ದ ಹೆಚ್ಚುತ್ತದೆ. ಭಾರದ ಅಣು ಸ್ವಲ್ಪ ಕಡಿಮೆ ಕಂಪಿಸುತ್ತದೆ. ಅದರ ಗೆರೆಯಿಂದ ಲೆಕ್ಕ ಹಾಕಿದರೆ ಉದ್ದ 1.13083, ಹಗುರ ಅಣುವಿನದು 1.13089. ಕಂಪನದ ಪಾಲನ್ನೆಲ್ಲ ಕಳೆದರೆ ಎರಡಕ್ಕೂ ಉಳಿಯುವುದು 1.128 ಆಂಗ್‌ಸ್ಟ್ರಾಮ್.