ಮೇಲ್ ತೆರೆಸುವ ಸಾಲು ಯಾವುದು?

2012ರ ಜೂನ್ 26ರಂದು ಬರಾಕ್ ಒಬಾಮಾ ಅವರ ಚುನಾವಣಾ ಪ್ರಚಾರ ತಂಡ ಬೆಂಬಲಿಗರಿಂದ ದೇಣಿಗೆ ಕೋರಿ ಒಂದು ಇಮೇಲ್ ಕಳಿಸಿತು. ಎಲ್ಲರಿಗೂ ಕಳಿಸುವ ಮೊದಲು ಬೇರೆ ಬೇರೆ ಒಕ್ಕಣೆ ಮತ್ತು ಸಬ್ಜೆಕ್ಟ್ ಲೈನ್‌ಗಳನ್ನು ಪಟ್ಟಿಯಲ್ಲಿದ್ದ ಸಣ್ಣ ಸಣ್ಣ ಗುಂಪುಗಳ ಮೇಲೆ ಪ್ರಯೋಗಿಸಿ ನೋಡಿತ್ತು. ‘ಸಮೀಕ್ಷೆಗಳು ಸರಿಯಾಗಿ ಹೇಳಿದ ಒಂದೇ ಸಂಗತಿ’ ಎಂಬ ಅರ್ಥದ ಸಾಲು ಎಲ್ಲರಿಗೂ ಹೋದರೆ ಸುಮಾರು 4 ಲಕ್ಷ ಡಾಲರ್ ಬರಬಹುದು ಎಂದು ಆ ಪ್ರಯೋಗ ಅಂದಾಜಿಸಿತು. ‘ಖರ್ಚಿನಲ್ಲಿ ಎದುರಾಳಿ ನನ್ನನ್ನು ಮೀರಿಸಲಿದ್ದಾರೆ’ ಎಂಬ ಅರ್ಥದ ಇನ್ನೊಂದು ಸಾಲಿಗೆ ಸಿಕ್ಕ ಅಂದಾಜು ಸುಮಾರು 26.7 ಲಕ್ಷ ಡಾಲರ್. ಎರಡನೆಯದನ್ನೇ ಕಳಿಸಿದರು, 25 ಲಕ್ಷ ಡಾಲರ್‌ಗೂ ಹೆಚ್ಚು ಹಣ ಬಂತು.

ಒಕ್ಕಣೆಯೂ ಬದಲಾಗಿದ್ದರಿಂದ ಅಷ್ಟೂ ವ್ಯತ್ಯಾಸವನ್ನು ಸಬ್ಜೆಕ್ಟ್ ಲೈನ್‌ನ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ಆ ತಂಡದ ಅನುಭವದಲ್ಲಿ ನನಗೆ ಮುಖ್ಯವೆನಿಸುವ ಮಾತು ಬೇರೆಯೇ ಇದೆ. ಅಂಕಿಅಂಶ ವಿಭಾಗದ ಮುಖ್ಯಸ್ಥೆಯಾಗಿದ್ದ ಅಮೀಲಿಯಾ ಶೋವಾಲ್ಟರ್ ಆಮೇಲೆ ಹೇಳಿದಂತೆ, ಯಾವುದು ಗೆಲ್ಲುತ್ತದೆ ಎಂಬ ಅವರ ಊಹೆ ಮತ್ತೆ ಮತ್ತೆ ತಪ್ಪಾಗುತ್ತಿತ್ತು. ದಿನವಿಡೀ ಇದೇ ಕೆಲಸ ಮಾಡುವ ಬರಹಗಾರರು ಮೆಚ್ಚಿದ ಸಾಲು ಸೋಲುತ್ತಿತ್ತು. ಗೆಳೆಯರು ಬರೆದಂತೆ ಕಾಣುವ ‘ಹೇ’ ಎಂಬ ಬರೀ ಒಂದು ಪದದ ಸಬ್ಜೆಕ್ಟ್ ಲೈನ್ ಗೆಲ್ಲುತ್ತಿತ್ತು. ಹಾಗಾಗಿ ಕೆಲವೊಮ್ಮೆ 18 ಬಗೆಗಳವರೆಗೂ ಪರೀಕ್ಷಿಸುತ್ತಿದ್ದರು.

ಈ ಪರೀಕ್ಷೆಗೆ ಎ/ಬಿ ಟೆಸ್ಟ್ ಎನ್ನುತ್ತಾರೆ. ಸಣ್ಣ ವ್ಯಾಪಾರಿಯೂ ಇದನ್ನು ಮಾಡಬಹುದು, ಇಮೇಲ್ ಕಳಿಸುವ ಹೆಚ್ಚಿನ ಸೇವೆಗಳಲ್ಲಿ ಈ ಸೌಲಭ್ಯ ಇದೆ. ಒಂದು ಕನ್ನಡ ಪುಸ್ತಕದಂಗಡಿ ಇದೆ, ಅದರ ಬಳಿ 10,000 ಓದುಗರ ಇಮೇಲ್ ಪಟ್ಟಿ ಇದೆ ಎಂದಿಟ್ಟುಕೊಳ್ಳೋಣ. ನವೆಂಬರ್‌ನ ರಾಜ್ಯೋತ್ಸವದ ಮಾರಾಟಕ್ಕೆ ಎರಡು ಸಾಲುಗಳು ಸಿದ್ಧವಾಗಿವೆ. ಎ: ‘ಶೇ 20 ರಿಯಾಯಿತಿ, ತಿಂಗಳ ಕೊನೆವರೆಗೆ’. ಬಿ: ‘ನೀವು ಓದದೇ ಬಿಟ್ಟ ಆ ಕಾದಂಬರಿ’. ಒಳಗಿನ ಮೇಲ್‌ನಲ್ಲಿ ಒಂದಕ್ಷರವೂ ಬದಲಾಗಬಾರದು. ಎ ಸಾಲಿನಲ್ಲಿ ಅಂಕಿ ಮೊದಲೇ ಬಂದಿರುವುದಕ್ಕೂ ಕಾರಣವಿದೆ. ‘ಕನ್ನಡ ರಾಜ್ಯೋತ್ಸವದ ಪ್ರಯುಕ್ತ ನಮ್ಮ ಎಲ್ಲ ಪುಸ್ತಕಗಳ ಮೇಲೆ’ ಎಂದು ಶುರುಮಾಡಿದರೆ ಮೊಬೈಲ್ ಪರದೆಯಲ್ಲಿ ಸಾಲು ಅರ್ಧಕ್ಕೇ ತುಂಡಾಗಿ, ರಿಯಾಯಿತಿ ಎಷ್ಟೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ 1,000 ಜನರನ್ನು ಎ ಸಾಲಿಗೆ, ಇನ್ನೊಂದು 1,000 ಜನರನ್ನು ಬಿ ಸಾಲಿಗೆ ಆರಿಸಬೇಕು. ಪಟ್ಟಿಯ ಮೇಲಿನ ಸಾವಿರ, ಕೆಳಗಿನ ಸಾವಿರ ಎಂದು ವಿಂಗಡಿಸಿದರೆ ಕೆಲಸ ಕೆಡುತ್ತದೆ. ಮೇಲಿನವರು ಅಂಗಡಿಯ ಹಳೆಯ ಗಿರಾಕಿಗಳಾಗಿರಬಹುದು, ಅವರು ಯಾವ ಸಾಲು ಕಂಡರೂ ತೆರೆಯುವವರು. ಎರಡೂ ಗುಂಪುಗಳಿಗೆ ಒಂದೇ ಹೊತ್ತಿಗೆ ಮೇಲ್ ಹೋಗಬೇಕು. ಬೆಳಿಗ್ಗೆ ಎ, ಸಂಜೆ ಬಿ ಕಳಿಸಿದರೆ ನಾವು ಅಳೆದದ್ದು ಸಾಲನ್ನೋ ಹೊತ್ತನ್ನೋ ಗೊತ್ತಾಗುವುದಿಲ್ಲ. ಫಲಿತಾಂಶಕ್ಕೆ ಕನಿಷ್ಠ ಒಂದು ದಿನ ಕಾಯುವುದು ಒಳ್ಳೆಯದು. ಎರಡು ತಾಸಿಗೇ ಗೆಲುವು ಘೋಷಿಸಿದರೆ, ರಾತ್ರಿ ಊಟವಾದ ಮೇಲೆ ಮೇಲ್ ನೋಡುವವರ ಮತವೇ ಎಣಿಕೆಗೆ ಸಿಗುವುದಿಲ್ಲ. ಗೆದ್ದ ಸಾಲು ಉಳಿದ 8,000 ಜನರಿಗೆ ಹೋಗುತ್ತದೆ.

ಮರುದಿನ ನೋಡಿದರೆ ಎ ಮೇಲನ್ನು 200 ಜನ ತೆರೆದಿದ್ದಾರೆ, ಬಿ ಮೇಲನ್ನು 230 ಜನ. ಬಿ ಗೆದ್ದಿತು ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ಆದರೆ ಎರಡೂ ಗುಂಪುಗಳಿಗೆ ಒಂದೇ ಸಬ್ಜೆಕ್ಟ್ ಲೈನ್ ಕಳಿಸಿದ್ದರೂ ಎರಡು ಎಣಿಕೆಗಳು ಒಂದೇ ಆಗುತ್ತಿರಲಿಲ್ಲ. ಯಾರೋ ಪ್ರಯಾಣದಲ್ಲಿರುತ್ತಾರೆ, ಯಾರದೋ ಫೋನ್ ಚಾರ್ಜ್ ಮುಗಿದಿರುತ್ತದೆ. ಈ ಗಾತ್ರದ ಗುಂಪುಗಳಲ್ಲಿ 30 ಅಥವಾ ಅದಕ್ಕೂ ಹೆಚ್ಚಿನ ಅಂತರ ಬರೀ ಆಕಸ್ಮಿಕವಾಗಿಯೇ ಹತ್ತರಲ್ಲಿ ಒಂದು ಸಲ ಬರುತ್ತದೆ. ಗುಂಪುಗಳು ಸಮಸಮ ಇದ್ದಾಗ ಇದಕ್ಕೊಂದು ಒರಟು ಲೆಕ್ಕವಿದೆ. ತೆರೆದವರ ಎರಡೂ ಸಂಖ್ಯೆಗಳನ್ನು ಕೂಡಿ, ಮೊತ್ತದ ವರ್ಗಮೂಲ ತೆಗೆದು, ಅದನ್ನು ದುಪ್ಪಟ್ಟು ಮಾಡಿ. ಅಂತರ ಅದನ್ನು ಮೀರಿದರೆ ಮಾತ್ರ ನಂಬಿ. ಇಲ್ಲಿ ಮೊತ್ತ 430, ವರ್ಗಮೂಲ ಹತ್ತಿರ ಹತ್ತಿರ 21, ದುಪ್ಪಟ್ಟಾದರೆ 41. ನಮ್ಮ ಅಂತರ 30 ಮಾತ್ರ. ಶೇ 20 ಮತ್ತು ಶೇ 23ರ ನಡುವಿನ ವ್ಯತ್ಯಾಸವನ್ನು ಭರವಸೆಯಿಂದ ಹಿಡಿಯಬೇಕಾದರೆ ಪ್ರತಿ ಗುಂಪಿನಲ್ಲೂ ಸುಮಾರು 3,000 ಜನ ಬೇಕು.

ಹಾಗಾಗಿ ಮುಂದಿನ ಸಲ ಅಂಗಡಿಯವರು ಇಡೀ ಪಟ್ಟಿಯನ್ನೇ ಎರಡು ಪಾಲು ಮಾಡುತ್ತಾರೆ, ತಲಾ 5,000. ಈಗ ಎ ತೆರೆದವರು 1,000, ಬಿ ತೆರೆದವರು 1,150. ಮೀರಬೇಕಾದ ಗಡಿ 93, ಅಂತರ 150. ಅನುಮಾನವೇ ಇಲ್ಲ, ಜನ ಹೆಚ್ಚು ತೆರೆಯುವುದು ಬಿ ಮೇಲನ್ನೇ. ಆಮೇಲೆ ಆರ್ಡರ್ ಪುಸ್ತಕ ತೆಗೆದು ನೋಡುತ್ತಾರೆ. ಎ ಗುಂಪಿನಿಂದ ಬಂದ ಆರ್ಡರ್ 90, ಬಿ ಗುಂಪಿನಿಂದ 55. ಇದೂ ಆಕಸ್ಮಿಕವಲ್ಲ, ಗಡಿ 24, ಅಂತರ 35. ಕುತೂಹಲಕ್ಕೆ ತೆರೆದವರು ಯಾವ ಕಾದಂಬರಿ ಎಂದು ಇಣುಕಿ ನೋಡಿ ಹೊರಟುಹೋದರು. ರಿಯಾಯಿತಿ ಎಂದು ತಿಳಿದೇ ತೆರೆದವರು ಕೊಳ್ಳುವ ಮನಸ್ಸು ಮಾಡಿಯೇ ಬಂದಿದ್ದರು. ಒಬಾಮಾ ತಂಡದ ಅಂದಾಜುಗಳು ಡಾಲರ್‌ನಲ್ಲಿ ಇದ್ದದ್ದು ಇದಕ್ಕೇ. ಎಷ್ಟು ಜನ ತೆರೆದರು ಎಂಬುದಕ್ಕಿಂತ ಎಷ್ಟು ಹಣ ಬಂತು ಎಂಬುದು ಅವರಿಗೆ ಬೇಕಿತ್ತು.

ತೆರೆದವರ ಎಣಿಕೆಯನ್ನೇ ಪೂರ್ತಿ ನಂಬದಿರಲು ಇನ್ನೊಂದು ಕಾರಣವೂ ಇದೆ. ಪ್ರಚಾರದ ಮೇಲ್‌ನೊಳಗೆ ಕಣ್ಣಿಗೆ ಕಾಣದಷ್ಟು ಪುಟ್ಟ ಚಿತ್ರವೊಂದನ್ನು ಇಟ್ಟಿರುತ್ತಾರೆ. ನೀವು ಮೇಲ್ ತೆರೆದಾಗ ಆ ಚಿತ್ರ ಕಳಿಸಿದವರ ಸರ್ವರ್‌ನಿಂದ ಇಳಿದು ಬರುತ್ತದೆ, ಹಾಗೆ ಬಂದದ್ದನ್ನೇ ‘ತೆರೆದರು’ ಎಂದು ಎಣಿಸುತ್ತಾರೆ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಖಾಸಗಿತನ ಕಾಯುವ ಒಂದು ವ್ಯವಸ್ಥೆ ತಂದಿತು. ಅದನ್ನು ಒಪ್ಪಿಕೊಂಡವರ ಮೇಲ್‌ಗಳಲ್ಲಿ, ಅವರು ಓದಲಿ ಬಿಡಲಿ, ಚಿತ್ರಗಳು ಮೊದಲೇ ಇಳಿಯುತ್ತವೆ. ಐಫೋನ್ ಬಳಸುವವರು ಪಟ್ಟಿಯಲ್ಲಿ ಹೆಚ್ಚಿದ್ದರೆ ತೆರೆದವರ ಸಂಖ್ಯೆ ಸುಳ್ಳುಸುಳ್ಳೇ ಉಬ್ಬುತ್ತದೆ. ಚೀಟಿ ಎತ್ತಿದ ಹಾಗೆ ಪಾಲು ಮಾಡಿದ್ದರೆ ಈ ಉಬ್ಬರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇರುತ್ತದೆ, ಆದರೆ ನಿಜವಾದ ಅಂತರ ಅದರೊಳಗೆ ಮಸುಕಾಗುತ್ತದೆ. ಲಿಂಕ್ ಒತ್ತಿದವರನ್ನೂ ಕೊಂಡವರನ್ನೂ ಎಣಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಗೆದ್ದ ಸಾಲಿಗೆ ಆಯಸ್ಸೂ ಕಡಿಮೆ. ಒಬಾಮಾ ತಂಡ ಮೇಲ್‌ನ ಮುಖ್ಯ ಸಾಲುಗಳಿಗೆ ಕಣ್ಣಿಗೆ ರಾಚುವ ಹಳದಿ ಬಣ್ಣ ಬಳಿದಾಗ ಮೊದಮೊದಲು ಒಳ್ಳೆಯ ಫಲ ಸಿಕ್ಕಿತು, ಹೊಸತನ ಹೋದ ಮೇಲೆ ಅದು ನಡೆಯಲಿಲ್ಲ. ಸಬ್ಜೆಕ್ಟ್ ಲೈನ್‌ಗೂ ಇದೇ ಮಾತು. ಹಿಂದೆಂದೂ ಪತ್ರ ಬರೆಯದವರಿಗೆ ಉತ್ತರದಂತೆ ಕಾಣಲಿ ಎಂದು ಮೊದಲಲ್ಲಿ ‘ರೀ:’ ಸೇರಿಸುವ ಚಾಳಿಯಂತೂ ಒಮ್ಮೆ ಮೇಲ್ ತೆರೆಸಿ, ಮುಂದಿನ ಸಲಕ್ಕೆ ಓದುಗನನ್ನೇ ಕಳೆಯುತ್ತದೆ. ಮೋಸದ ಸಬ್ಜೆಕ್ಟ್ ಲೈನ್‌ಗಳನ್ನು ಅಮೆರಿಕದಲ್ಲಿ 2003ರ ಕಾಯ್ದೆಯೇ ನಿಷೇಧಿಸಿದೆ.

ಪಟ್ಟಿಯಲ್ಲಿ 600 ಜನರಷ್ಟೇ ಇದ್ದರೆ ಪ್ರತಿ ಸಲವೂ ಗೆದ್ದವರನ್ನು ಹುಡುಕಲು ಹೋಗಬೇಡಿ. ಬೆಲೆ ಹೇಳುವ ಸಾಲು, ಪುಸ್ತಕದ ಬಗ್ಗೆ ಹೇಳುವ ಸಾಲು ಎಂದು ಎರಡು ಬಗೆ ಮಾಡಿಕೊಂಡು, ಪ್ರತಿ ಮೇಲ್‌ಗೂ ಜನರನ್ನು ಹೊಸದಾಗಿ ಅರ್ಧರ್ಧ ಹಂಚಿ, ಆರೇಳು ಮೇಲ್‌ಗಳಾದ ಮೇಲೆ ಎರಡೂ ಬಗೆಯ ಆರ್ಡರ್‌ಗಳನ್ನು ಕೂಡಿ ಅದೇ ವರ್ಗಮೂಲದ ಲೆಕ್ಕ ಹಾಕಿ. ಅಷ್ಟಾದರೂ ಅಂತರ ಗಡಿ ದಾಟದಿದ್ದರೆ ಈ ಎರಡು ಬಗೆಗಳ ನಡುವೆ ನಿಮ್ಮ ಓದುಗರು ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುತ್ತಿಲ್ಲ ಎಂದುಕೊಂಡು, ಬೇರೆಯೇ ಜೋಡಿಯೊಂದನ್ನು ಪರೀಕ್ಷೆಗಿಡಿ.